ಓದು ಎಲ್ಲಿಂದ ಆರಂಭ? ಬ್ಯಾಕ್ಟೀರಿಯಾದ ರೈಬೋಸೋಮೂ ನಮ್ಮ ರೈಬೋಸೋಮೂ

ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಔಷಧವು ಹಿಂದೆ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಬರುತ್ತಿತ್ತು. 1978ರಲ್ಲಿ ಅಮೆರಿಕದ ಕೆಲವು ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ನನ್ನೇ ಬ್ಯಾಕ್ಟೀರಿಯಾದ ಒಳಗೆ ತಯಾರಿಸಿದರು. ಮನುಷ್ಯನ ಪ್ರೋಟೀನಿಗೆ ಬೇಕಾದ ಬರಹವನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಸಾಕು, ಅದು ಓದಿಕೊಂಡು ಪ್ರೋಟೀನು ಕಟ್ಟುತ್ತದೆ ಎಂದು ನಾವು ಭಾವಿಸಬಹುದು. ಹಾಗಾಗುವುದಿಲ್ಲ. ಅಕ್ಷರಗಳು ಒಂದೇ, ಪದಗಳ ಅರ್ಥವೂ ಒಂದೇ. ಆದರೂ ಬ್ಯಾಕ್ಟೀರಿಯಾಕ್ಕೆ ಓದನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯುವುದಿಲ್ಲ. ಏಕೆಂದರೆ ಆರಂಭದ ಗುರುತು ನಮ್ಮಲ್ಲಿ ಒಂದು ವಿಧ, ಅದರಲ್ಲಿ ಇನ್ನೊಂದು ವಿಧ. ಈ ಪಾಠದಲ್ಲಿ ಆ ಒಂದು ಭೇದವನ್ನೇ ಬಿಡಿಸಿ ನೋಡೋಣ.

1. ಓಲೆ ಮತ್ತು ಅದರ ಓದು

ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ಯಂತ್ರಕ್ಕೆ ರೈಬೋಸೋಮು ಎಂದು ಹೆಸರು. ಯಾವ ಪ್ರೋಟೀನನ್ನು ಕಟ್ಟಬೇಕೆಂಬ ಆಜ್ಞೆಯು ಡಿ.ಎನ್.ಎ.ಯಿಂದ ನಕಲಾಗಿ ಒಂದು ಉದ್ದನೆಯ ಎಳೆಯ ರೂಪದಲ್ಲಿ ಅದರ ಬಳಿಗೆ ಬರುತ್ತದೆ. ಈ ಎಳೆಗೆ ಸಂದೇಶವಾಹಕ ಆರ್.ಎನ್.ಎ. ಎನ್ನುತ್ತಾರೆ. ನಾವು ಇದನ್ನು ಓಲೆ ಎಂದು ಕರೆಯೋಣ. ಓಲೆಯಲ್ಲಿ ಇರುವ ಅಕ್ಷರಗಳು ನಾಲ್ಕೇ: ಎ, ಯು, ಜಿ, ಸಿ. ಮೂರು ಮೂರು ಅಕ್ಷರಗಳಿಗೆ ಒಂದು ಪದ. ಒಂದೊಂದು ಪದಕ್ಕೂ ಒಂದೊಂದು ಅಮೈನೋ ಆಮ್ಲ. ಅಮೈನೋ ಆಮ್ಲಗಳನ್ನು ಹೊತ್ತು ತರುವ ಸಣ್ಣ ಆರ್.ಎನ್.ಎ.ಗಳು ಬೇರೆ ಇವೆ. ಅವನ್ನು ಹಮಾಲರು ಎನ್ನೋಣ. ಹಮಾಲನು ತನ್ನ ಒಂದು ತುದಿಯಲ್ಲಿ ಓಲೆಯ ಪದವನ್ನು ಗುರುತಿಸುತ್ತಾನೆ, ಇನ್ನೊಂದು ತುದಿಯಲ್ಲಿ ಅದಕ್ಕೆ ಸಲ್ಲುವ ಅಮೈನೋ ಆಮ್ಲವನ್ನು ಹೊತ್ತಿರುತ್ತಾನೆ. ರೈಬೋಸೋಮು ಪದದಿಂದ ಪದಕ್ಕೆ ಸರಿಯುತ್ತ ಈ ಆಮ್ಲಗಳನ್ನು ಮಾಲೆಯಂತೆ ಪೋಣಿಸುತ್ತ ಹೋಗುತ್ತದೆ. ಆ ಮಾಲೆಯೇ ಪ್ರೋಟೀನು.

ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲ ಎಂಬುದೇ ತೊಡಕು. ನಮ್ಮ ಹಳೆಯ ಶಾಸನಗಳಲ್ಲಿಯೂ ಹೀಗೆಯೇ, ಅಕ್ಷರಗಳು ಒಂದಕ್ಕೊಂದು ತಾಗಿಕೊಂಡು ಸಾಲು ಸಾಲಾಗಿ ಓಡುತ್ತವೆ. ಕಮಲಬರಹಸರಳನಗರ ಎಂದು ಬರೆದಿದೆ ಎನ್ನಿ. ಮೊದಲ ಅಕ್ಷರದಿಂದ ಮೂರು ಮೂರಾಗಿ ಬಿಡಿಸಿದರೆ ಕಮಲ, ಬರಹ, ಸರಳ, ನಗರ ಎಂದಾಗುತ್ತದೆ. ಒಂದೇ ಒಂದು ಅಕ್ಷರ ಮುಂದೆ ಸರಿದು ಬಿಡಿಸಿದರೆ ಮಲಬ, ರಹಸ, ರಳನ ಎಂಬ ಅರ್ಥವಿಲ್ಲದ ಪದಗಳು ಬರುತ್ತವೆ. ಓಲೆಯ ಓದಿನಲ್ಲಿಯೂ ಆರಂಭವು ಒಂದು ಅಕ್ಷರ ತಪ್ಪಿದರೆ ಮೊದಲ ಆಮ್ಲ ಮಾತ್ರವಲ್ಲ, ಅಲ್ಲಿಂದ ಮುಂದಿನ ಇಡೀ ಪ್ರೋಟೀನು ಕೆಡುತ್ತದೆ.

ಆರಂಭದ ಪದ ಯಾವುದೆಂಬುದು ಗೊತ್ತಿದೆ. ಅದು ಎಯುಜಿ, ಅದರ ಆಮ್ಲ ಮೆಥಿಯೋನಿನ್. ಆದರೆ ಇದೊಂದರಿಂದ ಕೆಲಸ ನಡೆಯದು. ಮೆಥಿಯೋನಿನ್ ಪ್ರೋಟೀನಿನ ನಡುವೆಯೂ ಬೇಕಾಗುತ್ತದೆ, ಆದುದರಿಂದ ಎಯುಜಿ ನಡುವೆಯೂ ಬರುತ್ತದೆ. ಅಷ್ಟೇ ಅಲ್ಲ, ಎರಡು ಪದಗಳ ಅಂಚಿನಲ್ಲಿ ಅಕ್ಷರಗಳು ಆಕಸ್ಮಿಕವಾಗಿ ಕೂಡಿಯೂ ಎಯುಜಿ ಎಂದು ಕಾಣಿಸಬಹುದು. ನಾಲ್ಕು ಅಕ್ಷರಗಳಿಂದ ಮೂರು ಮೂರರ ಪದ ಮಾಡಿದರೆ ಅರವತ್ತನಾಲ್ಕು ಪದಗಳಾಗುತ್ತವೆ. ಎಂದರೆ ಬರಿಯ ಆಕಸ್ಮಿಕದಿಂದಲೇ ಸುಮಾರು ಅರವತ್ತನಾಲ್ಕು ಅಕ್ಷರಗಳಿಗೆ ಒಂದು ಎಯುಜಿ ಸಿಕ್ಕುವುದು. ಇಷ್ಟು ಎಯುಜಿಗಳಲ್ಲಿ ನಿಜವಾದ ಆರಂಭ ಯಾವುದು?

2. ಒಂದು ವೈರಸ್ಸಿನ ಓಲೆ

ಈ ಪ್ರಶ್ನೆಗೆ ಉತ್ತರ ದೊರೆತದ್ದು ಆರ್ 17 ಎಂಬ ಅತಿ ಚಿಕ್ಕ ವೈರಸ್ಸಿನಿಂದ. ಇದು ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನು ಹಿಡಿಯುವ ವೈರಸ್ಸು. ಇದರ ಆಸ್ತಿಯೆಲ್ಲ ಸುಮಾರು 3,500 ಅಕ್ಷರಗಳ ಒಂದು ಆರ್.ಎನ್.ಎ. ಎಳೆ. ಆ ಎಳೆಯೇ ಓಲೆಯೂ ಹೌದು. ಮೇಲಿನ ಲೆಕ್ಕದಂತೆ ಇಷ್ಟು ಉದ್ದದಲ್ಲಿ ಐವತ್ತಕ್ಕೂ ಹೆಚ್ಚು ಎಯುಜಿಗಳನ್ನು ನಿರೀಕ್ಷಿಸಬೇಕು. ಆದರೆ ರೈಬೋಸೋಮುಗಳು ಮುಖ್ಯವಾಗಿ ಮೂರು ಕಡೆಗಳಲ್ಲಿ ಮಾತ್ರ ಓದನ್ನು ಆರಂಭಿಸುತ್ತವೆ.

1969ರಲ್ಲಿ ಕೇಂಬ್ರಿಜ್ಜಿನಲ್ಲಿದ್ದ ಜೋನ್ ಸ್ಟೈಟ್ಸ್ ಎಂಬ ವಿಜ್ಞಾನಿ ಆ ಮೂರು ಸ್ಥಳಗಳನ್ನು ಹಿಡಿದ ಉಪಾಯ ಬಹಳ ಸರಳವಾದದ್ದು. ಓಲೆಯನ್ನೂ ರೈಬೋಸೋಮನ್ನೂ ಕೂಡಿಸಿ, ರೈಬೋಸೋಮು ಆರಂಭಸ್ಥಾನದಲ್ಲಿ ಕುಳಿತು ಮುಂದೆ ಸರಿಯದಂತೆ ಅವರು ನಿಲ್ಲಿಸಿದರು. ಆಮೇಲೆ ಆರ್.ಎನ್.ಎ.ಯನ್ನು ಕತ್ತರಿಸುವ ಕಿಣ್ವವನ್ನು ಹಾಕಿದರು. ಬಯಲಿನಲ್ಲಿದ್ದ ಓಲೆಯೆಲ್ಲ ಚೂರಾಯಿತು. ರೈಬೋಸೋಮಿನ ಮರೆಯಲ್ಲಿದ್ದ ಸುಮಾರು ಮೂವತ್ತು ಅಕ್ಷರಗಳ ತುಂಡು ಮಾತ್ರ ಉಳಿಯಿತು. ಆ ತುಂಡುಗಳನ್ನು ಬೇರ್ಪಡಿಸಿ ಅಕ್ಷರ ಅಕ್ಷರವಾಗಿ ಓದಿದರು. ಮೂರರಲ್ಲಿ ಒಂದರ ಸಾಲನ್ನು ಇಲ್ಲಿ ಕೊಡುತ್ತೇವೆ. ಇದು ಆ ವೈರಸ್ಸಿನ ‘ಎ ಪ್ರೋಟೀನು’ ಎಂಬುದರ ಆರಂಭ:

ಸಿ ಸಿ ಯು ಎ ಜಿ ಜಿ ಎ ಜಿ ಜಿ ಯು ಯು ಯು ಜಿ ಎ ಸಿ ಸಿ ಯು ಎ ಯು ಜಿ ಸಿ ಜಿ ಎ ಜಿ ಸಿ ಯು ಯು ಯು ಯು ಎ ಜಿ ಯು

ಎಡದಿಂದ ಎಣಿಸುತ್ತ ಹೋದರೆ ಹದಿನೆಂಟನೆಯ ಅಕ್ಷರದಿಂದ ಎಯುಜಿ ಸಿಕ್ಕುತ್ತದೆ. ಅಲ್ಲಿಂದ ಮೂರು ಮೂರಾಗಿ ಬಿಡಿಸಿದರೆ ಎಯುಜಿ, ಸಿಜಿಎ, ಜಿಸಿಯು, ಯುಯುಯು, ಎಜಿಯು ಎಂದಾಗುತ್ತದೆ. ಇವುಗಳ ಆಮ್ಲಗಳು ಕ್ರಮವಾಗಿ ಮೆಥಿಯೋನಿನ್, ಆರ್ಜಿನಿನ್, ಅಲನಿನ್, ಫಿನೈಲ್ ಅಲನಿನ್, ಸೆರಿನ್. ಎ ಪ್ರೋಟೀನಿನ ಮೊದಲ ಐದು ಆಮ್ಲಗಳು ಇವೇ. ಒಂದು ಅಕ್ಷರ ತಪ್ಪಿ ಯುಜಿಸಿ ಎಂದು ಆರಂಭಿಸಿದ್ದರೆ ಸಿಸ್ಟಿನ್, ಗ್ಲುಟಾಮಿಕ್ ಆಮ್ಲ, ಲ್ಯೂಸಿನ್ ಎಂದು ಬೇರೆಯೇ ಮಾಲೆ ಬರುತ್ತಿತ್ತು.

ಈಗ ಎಯುಜಿಯ ಹಿಂದಿನ ಭಾಗವನ್ನು ನೋಡಬೇಕು. ಆ ಭಾಗದಿಂದ ಯಾವ ಆಮ್ಲವೂ ಆಗುವುದಿಲ್ಲ. ಆದರೂ ರೈಬೋಸೋಮು ಅದನ್ನು ತನ್ನ ಮರೆಯಲ್ಲಿ ಇಟ್ಟುಕೊಂಡಿತ್ತು. ಅಲ್ಲಿ ಎಜಿಜಿಎಜಿಜಿಯು ಎಂಬ ಏಳು ಅಕ್ಷರಗಳ ಗುಂಪು ಇದೆ. ಅದಕ್ಕೂ ಎಯುಜಿಗೂ ನಡುವೆ ಏಳು ಅಕ್ಷರಗಳ ಅಂತರವಿದೆ. ಈ ಗುಂಪಿಗೆ ಏನು ಕೆಲಸ?

3. ಕಿರಿಯ ಭಾಗದ ಬಾಲ

ರೈಬೋಸೋಮಿಗೆ ಎರಡು ಭಾಗಗಳಿವೆ. ಬ್ಯಾಕ್ಟೀರಿಯಾದಲ್ಲಿ ಕಿರಿಯ ಭಾಗವನ್ನು 30 ಎಸ್ ಎಂದೂ ಹಿರಿಯ ಭಾಗವನ್ನು 50 ಎಸ್ ಎಂದೂ, ಎರಡೂ ಕೂಡಿದ್ದನ್ನು 70 ಎಸ್ ಎಂದೂ ಕರೆಯುತ್ತಾರೆ. ಈ ಅಂಕಿಗಳು ತೂಕವನ್ನಲ್ಲ, ವೇಗವಾಗಿ ತಿರುಗಿಸಿದಾಗ ದ್ರವದಲ್ಲಿ ಎಷ್ಟು ಬೇಗ ತಳಕ್ಕೆ ಇಳಿಯುತ್ತವೆಂಬುದನ್ನು ಸೂಚಿಸುತ್ತವೆ. ಆದುದರಿಂದ ಮೂವತ್ತೂ ಐವತ್ತೂ ಕೂಡಿ ಎಂಬತ್ತಾಗಲಿಲ್ಲವೆಂದು ಗಾಬರಿಪಡಬೇಕಾಗಿಲ್ಲ. ಓಲೆಯನ್ನು ಹಿಡಿದು ಓದುವುದು ಕಿರಿಯ ಭಾಗ, ಆಮ್ಲಗಳನ್ನು ಪೋಣಿಸುವುದು ಹಿರಿಯ ಭಾಗ. ಕಿರಿಯ ಭಾಗದಲ್ಲಿ ಇಪ್ಪತ್ತೊಂದು ಪ್ರೋಟೀನುಗಳೂ 1,542 ಅಕ್ಷರಗಳ ಒಂದು ಆರ್.ಎನ್.ಎ. ಎಳೆಯೂ ಇವೆ. ಆ ಎಳೆಗೆ 16 ಎಸ್ ಎಂದು ಹೆಸರು. ಇದು ಓಲೆಯಲ್ಲ, ಯಂತ್ರದ ಅಂಗವೇ ಆಗಿರುವ ಆರ್.ಎನ್.ಎ.

1974ರಲ್ಲಿ ಆಸ್ಟ್ರೇಲಿಯಾದ ಕ್ಯಾನ್ಬೆರಾ ನಗರದಲ್ಲಿ ಜಾನ್ ಶೈನ್ ಮತ್ತು ಲಿನ್ ಡಾಲ್ಗಾರ್ನೊ ಎಂಬವರು ಈ 16 ಎಸ್ ಎಳೆಯ ಕೊನೆಯ ಅಕ್ಷರಗಳನ್ನು ಓದಿದರು. ಇ. ಕೋಲಿಯಲ್ಲಿ ಆ ಬಾಲ ಹೀಗಿದೆ:

ಜಿ ಜಿ ಎ ಯು ಸಿ ಎ ಸಿ ಸಿ ಯು ಸಿ ಸಿ ಯು ಯು ಎ

ಆರ್.ಎನ್.ಎ. ಅಕ್ಷರಗಳಿಗೆ ಜೋಡಿಯ ನಿಯಮವೊಂದುಂಟು: ಎ ಮತ್ತು ಯು ಒಂದಕ್ಕೊಂದು ಅಂಟುತ್ತವೆ, ಜಿ ಮತ್ತು ಸಿ ಒಂದಕ್ಕೊಂದು ಅಂಟುತ್ತವೆ. ಹಾಗೆ ಅಂಟುವಾಗ ಎರಡು ಎಳೆಗಳು ಎದುರುಬದುರಾಗಿ ಓಡಬೇಕು. ಆದುದರಿಂದ ಬಾಲದಲ್ಲಿ ಎಸಿಸಿಯುಸಿಸಿಯು ಎಂದಿರುವ ಭಾಗವನ್ನು ಹಿಂದುಮುಂದಾಗಿ ಬರೆದು ಓಲೆಯ ಕೆಳಗೆ ಇಟ್ಟು ನೋಡೋಣ:

ಓಲೆ: ಎ – ಜಿ – ಜಿ – ಎ – ಜಿ – ಜಿ – ಯು
ಬಾಲ: ಯು – ಸಿ – ಸಿ – ಯು – ಸಿ – ಸಿ – ಎ

ಏಳಕ್ಕೆ ಏಳೂ ಜೋಡಿಯಾಗುತ್ತವೆ. ಎಯುಜಿಯ ಹಿಂದಿನ ಗುಂಪು ಓದುವುದಕ್ಕೆ ಇರುವುದಲ್ಲ, ಹಿಡಿದು ನಿಲ್ಲಿಸುವುದಕ್ಕೆ ಇರುವುದು ಎಂಬುದು ಶೈನ್ ಮತ್ತು ಡಾಲ್ಗಾರ್ನೊ ಅವರ ತರ್ಕ. ಕಿರಿಯ ಭಾಗದ ಬಾಲವು ಓಲೆಯ ಈ ಗುಂಪಿಗೆ ಅಂಟಿದಾಗ, ಮುಂದೆ ಕೆಲವೇ ಅಕ್ಷರಗಳ ದೂರದಲ್ಲಿರುವ ಎಯುಜಿಯು ತಾನಾಗಿ ಓದುವ ಪೀಠದ ಮೇಲೆ ಬಂದು ಕೂಡುತ್ತದೆ. ಈ ಗುಂಪಿಗೆ ಶೈನ್–ಡಾಲ್ಗಾರ್ನೊ ಸಾಲು ಎಂದು ಹೆಸರಾಯಿತು. ರೈಬೋಸೋಮು ಹಿಡಿಯುವ ತಾಣ ಎಂದೂ ಹೇಳುವುದುಂಟು. ಅಂತರ ಸಾಮಾನ್ಯವಾಗಿ ಐದರಿಂದ ಒಂಬತ್ತು ಅಕ್ಷರ. ತೀರ ಹತ್ತಿರವಾದರೂ ತೀರ ದೂರವಾದರೂ ಎಯುಜಿಯು ಪೀಠಕ್ಕೆ ಸರಿಯಾಗಿ ಕೂಡದೆ ಪ್ರೋಟೀನಿನ ಉತ್ಪತ್ತಿ ಇಳಿದುಹೋಗುತ್ತದೆ.

ಕಾಗದದ ಮೇಲೆ ಜೋಡಿಯಾದ ಮಾತ್ರಕ್ಕೆ ಜೀವಕೋಶದಲ್ಲಿಯೂ ಹಾಗೆಯೇ ನಡೆಯುತ್ತದೆಂದು ನಂಬಬೇಕಾಗಿಲ್ಲ. ಇದಕ್ಕೆ ಎರಡು ಸಾಕ್ಷ್ಯಗಳಿವೆ. 1975ರಲ್ಲಿ ಸ್ಟೈಟ್ಸ್ ಮತ್ತು ಕ್ಯಾರನ್ ಜೇಕ್ಸ್ ಅವರು ಮೇಲೆ ಕೊಟ್ಟ ಎ ಪ್ರೋಟೀನಿನ ತುಂಡನ್ನೇ ರೈಬೋಸೋಮಿಗೆ ಕೂಡಿಸಿ, 16 ಎಸ್ ಎಳೆಯ ಬಾಲವನ್ನು ಸುಮಾರು ಐವತ್ತು ಅಕ್ಷರಗಳಷ್ಟು ಕತ್ತರಿಸುವ ಕೋಲಿಸಿನ್ ಇ3 ಎಂಬ ವಸ್ತುವನ್ನು ಹಾಕಿದರು. ಕತ್ತರಿಸಿದ ಬಾಲವೂ ಓಲೆಯ ತುಂಡೂ ಒಂದಕ್ಕೊಂದು ಅಂಟಿಕೊಂಡೇ ಹೊರಬಂದವು.

ಎರಡನೆಯ ಸಾಕ್ಷ್ಯ ಇನ್ನೂ ಗಟ್ಟಿಯಾದದ್ದು. 1987ರಲ್ಲಿ ಹುಯಿ ಮತ್ತು ಡಿ ಬೋರ್ ಎಂಬವರು ಒಂದು ಓಲೆಯಲ್ಲಿದ್ದ ಜಿಜಿಎಜಿಜಿ ಎಂಬ ಗುರುತನ್ನು ಸಿಸಿಯುಸಿಸಿ ಎಂದು ಬದಲಿಸಿದರು. ಮಾಮೂಲು ರೈಬೋಸೋಮುಗಳು ಆ ಓಲೆಯನ್ನು ಬಹುಮಟ್ಟಿಗೆ ಓದದೆ ಬಿಟ್ಟವು. ಆಮೇಲೆ ಅದೇ ಬ್ಯಾಕ್ಟೀರಿಯಾದಲ್ಲಿ ಕೆಲವು ರೈಬೋಸೋಮುಗಳ ಬಾಲವನ್ನೂ ಸಿಸಿಯುಸಿಸಿ ಇದ್ದಲ್ಲಿ ಜಿಜಿಎಜಿಜಿ ಎಂದು ತಿರುಗಿಸಿದರು. ಓದು ಮತ್ತೆ ನಡೆಯಿತು. ಬೀಗವೊಂದನ್ನೇ ಬದಲಿಸಿದಾಗ ಬಾಗಿಲು ತೆರೆಯಲಿಲ್ಲ. ಕೀಲಿಕೈಯನ್ನೂ ಅದಕ್ಕೆ ತಕ್ಕಂತೆ ಬದಲಿಸಿದಾಗ ತೆರೆಯಿತು. ಇವೆರಡೂ ಒಂದಕ್ಕೊಂದು ಸಂಬಂಧಪಟ್ಟವೆಂಬುದಕ್ಕೆ ಇದಕ್ಕಿಂತ ಬೇರೆ ರುಜುವಾತು ಬೇಡ.

4. ಮೊದಲನೆಯ ಹಮಾಲ

ಎಯುಜಿಯು ಪೀಠಕ್ಕೆ ಬಂದಿತು. ಈಗ ಮೆಥಿಯೋನಿನ್ ತರುವ ಹಮಾಲನು ಬರಬೇಕು. ಬ್ಯಾಕ್ಟೀರಿಯಾದಲ್ಲಿ ಮೆಥಿಯೋನಿನ್ ತರುವ ಹಮಾಲರು ಎರಡು ಬಗೆ. ಒಬ್ಬನು ಆರಂಭಕ್ಕೆ ಮಾತ್ರ, ಇನ್ನೊಬ್ಬನು ನಡುವಿನ ಎಯುಜಿಗಳಿಗೆ ಮಾತ್ರ. ಇಬ್ಬರಿಗೂ ಮೆಥಿಯೋನಿನ್ ಹೊರಿಸುವ ಕಿಣ್ವ ಒಂದೇ. ಆದರೆ ಆರಂಭದ ಹಮಾಲನಿಗೆ ಹೊರೆ ಏರಿದ ಮೇಲೆ ಇನ್ನೊಂದು ಕಿಣ್ವ ಬಂದು ಆ ಮೆಥಿಯೋನಿನ್ನಿನ ಅಮೈನೋ ತುದಿಗೆ ಫಾರ್ಮೈಲ್ ಎಂಬ ಚಿಕ್ಕ ಗುಂಪನ್ನು ಮುದ್ರೆಯಂತೆ ಒತ್ತುತ್ತದೆ. ಹೀಗೆ ಆದದ್ದು ಫಾರ್ಮೈಲ್ ಮೆಥಿಯೋನಿನ್. 1964ರಲ್ಲಿ ಕೇಂಬ್ರಿಜ್ಜಿನ ಮಾರ್ಕರ್ ಮತ್ತು ಸ್ಯಾಂಗರ್ ಇದನ್ನು ಕಂಡುಹಿಡಿದರು.

ಈ ಮುದ್ರೆಯಿಂದ ಏನು ಪ್ರಯೋಜನ? ಪ್ರೋಟೀನಿನ ಮಾಲೆ ಒಂದೇ ದಿಕ್ಕಿನಲ್ಲಿ ಬೆಳೆಯುತ್ತದೆ. ಪ್ರತಿಯೊಂದು ಹೊಸ ಆಮ್ಲವೂ ತನ್ನ ಅಮೈನೋ ತುದಿಯಿಂದ ಹಿಂದಿನ ಮಾಲೆಯನ್ನು ಹಿಡಿಯುತ್ತದೆ. ಮೊದಲ ಆಮ್ಲಕ್ಕೆ ಹಿಂದೆ ಯಾರೂ ಇಲ್ಲ. ಅದರ ಅಮೈನೋ ತುದಿ ಫಾರ್ಮೈಲಿನಿಂದ ಮುಚ್ಚಿರುವುದರಿಂದ ಅದು ಮಾಲೆಯ ನಡುವೆ ಎಂದಿಗೂ ಸೇರಲಾರದು, ಮೊದಲಿಗೆ ಮಾತ್ರ ಸಲ್ಲುತ್ತದೆ. ಅಲ್ಲದೆ ಆರಂಭದ ಹಮಾಲನನ್ನು ಕರೆತರುವ ಪ್ರೋಟೀನು ಈ ಮುದ್ರೆಯನ್ನು ನೋಡಿಯೇ ಅವನನ್ನು ಗುರುತಿಸುತ್ತದೆ. ಮುದ್ರೆಯೊತ್ತುವ ಕಿಣ್ವವಿಲ್ಲದ ಇ. ಕೋಲಿಯು ಸಾಯುವುದಿಲ್ಲ, ಆದರೆ ಬಹಳ ನಿಧಾನವಾಗಿ ಬೆಳೆಯುತ್ತದೆ.

ಹಮಾಲನ ಮೈಯಲ್ಲಿಯೇ ಇನ್ನೊಂದು ಗುರುತಿದೆ. ಓಲೆಯ ಪದವನ್ನು ಹಿಡಿಯುವ ತುದಿಯ ಕಾಂಡದಲ್ಲಿ ಜಿ–ಸಿ ಜೋಡಿಗಳು ಮೂರು ಒಂದರ ಮೇಲೊಂದು ಇವೆ. ಇವು ಅವನನ್ನು ಆರಂಭದ ಪೀಠದಲ್ಲಿ ಭದ್ರವಾಗಿ ನಿಲ್ಲಿಸಲು ನೆರವಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ಣೆಯ ಅವರ ಪ್ರಯೋಗಶಾಲೆಯು ಈ ಮೂರು ಜೋಡಿಗಳ ಕೆಲಸವನ್ನು ಅನೇಕ ವರ್ಷ ಪರಿಶೀಲಿಸಿದೆ.

5. ಕೆಲಸ ನಡೆಯುವ ಕ್ರಮ

ಈಗ ಇಡೀ ಕೆಲಸವನ್ನು ಕ್ರಮವಾಗಿ ನೋಡೋಣ. ಆರಂಭಕ್ಕೆ ಮೂರು ಸಹಾಯಕ ಪ್ರೋಟೀನುಗಳಿವೆ. ಅವನ್ನು ಒಂದನೆಯ, ಎರಡನೆಯ, ಮೂರನೆಯ ಆರಂಭಕಗಳು ಎನ್ನುತ್ತಾರೆ.

ಮೊದಲು ಮೂರನೆಯ ಆರಂಭಕವು ಕಿರಿಯ ಭಾಗಕ್ಕೆ ಅಂಟಿಕೊಂಡು, ಹಿರಿಯ ಭಾಗವು ಅವಸರದಿಂದ ಬಂದು ಕೂಡದಂತೆ ತಡೆಯುತ್ತದೆ. ಹಿರಿಯ ಭಾಗವು ಮೊದಲೇ ಬಂದು ಮುಚ್ಚಿಕೊಂಡರೆ ಆರಂಭವನ್ನು ಹುಡುಕಲು ಅವಕಾಶವೇ ಇರುವುದಿಲ್ಲ. ರೈಬೋಸೋಮಿನಲ್ಲಿ ಹಮಾಲರಿಗೆ ಮೂರು ಪೀಠಗಳಿವೆ: ಬರುವ ಪೀಠ, ನಡುವಣ ಪೀಠ, ಹೋಗುವ ಪೀಠ. ಒಂದನೆಯ ಆರಂಭಕವು ಬರುವ ಪೀಠದಲ್ಲಿ ತಾನೇ ಕುಳಿತು ಅದನ್ನು ಮುಚ್ಚುತ್ತದೆ. ಎರಡನೆಯ ಆರಂಭಕವು ಜಿ.ಟಿ.ಪಿ. ಎಂಬ ಶಕ್ತಿಯ ಚೀಟಿಯನ್ನು ಹಿಡಿದು, ಫಾರ್ಮೈಲ್ ಮುದ್ರೆಯುಳ್ಳ ಹಮಾಲನನ್ನು ನೇರವಾಗಿ ನಡುವಣ ಪೀಠದಲ್ಲಿ ಕೂಡಿಸುತ್ತದೆ. ಮಿಕ್ಕ ಹಮಾಲರೆಲ್ಲ ಬರುವ ಪೀಠದಿಂದಲೇ ಒಳಗೆ ಬರಬೇಕು; ನೇರವಾಗಿ ನಡುವೆ ಕೂಡುವ ಹಕ್ಕು ಇವನೊಬ್ಬನದು.

ಅಷ್ಟರಲ್ಲಿ ಓಲೆಯೂ ಬಂದು ಬಾಲಕ್ಕೆ ಅಂಟಿರುತ್ತದೆ. ಓಲೆ ಮೊದಲೋ ಹಮಾಲನು ಮೊದಲೋ ಎಂಬುದಕ್ಕೆ ಕಟ್ಟುನಿಟ್ಟಿಲ್ಲ. ಹಮಾಲನು ಎಯುಜಿಯನ್ನು ಸರಿಯಾಗಿ ಹಿಡಿದಿದ್ದಾನೆಯೇ ಎಂಬುದನ್ನು ಮೂರನೆಯ ಆರಂಭಕವು ಪರೀಕ್ಷಿಸುತ್ತದೆ. ತಪ್ಪಿದ್ದರೆ ಜೋಡಣೆ ಬಿಚ್ಚಿಹೋಗುತ್ತದೆ. ಸರಿಯಿದ್ದರೆ ಹಿರಿಯ ಭಾಗ ಬಂದು ಕೂಡುತ್ತದೆ, ಜಿ.ಟಿ.ಪಿ. ಖರ್ಚಾಗುತ್ತದೆ, ಮೂವರು ಸಹಾಯಕರೂ ಬಿಟ್ಟುಹೋಗುತ್ತಾರೆ. ಈಗ ಎಪ್ಪತ್ತರ ಪೂರ್ಣ ರೈಬೋಸೋಮು ಸಿದ್ಧ. ಬರುವ ಪೀಠ ತೆರವಾಗಿ ಎರಡನೆಯ ಹಮಾಲನಿಗೆ ಕಾಯುತ್ತಿರುತ್ತದೆ.

ಕೆಲವು ಬ್ಯಾಕ್ಟೀರಿಯಾ ಓಲೆಗಳಲ್ಲಿ ಎಯುಜಿಗೆ ಬದಲಾಗಿ ಜಿಯುಜಿ ಎಂದು ಆರಂಭವಿರುವುದುಂಟು. ಜಿಯುಜಿಯ ಆಮ್ಲ ನಡುವೆ ಬಂದರೆ ವ್ಯಾಲಿನ್. ಆದರೆ ಆರಂಭದಲ್ಲಿ ಬಂದಾಗ ಅಲ್ಲಿಯೂ ಫಾರ್ಮೈಲ್ ಮೆಥಿಯೋನಿನ್ನೇ ಕೂಡುತ್ತದೆ. ಸ್ಥಳವೇ ಪದದ ಅರ್ಥವನ್ನು ನಿರ್ಣಯಿಸುತ್ತದೆ.

6. ಮುದ್ರೆ ಕಳಚಿದ ಮೇಲೆ

ಮಾಲೆ ಹೊರಗೆ ಬರುತ್ತಿದ್ದಂತೆಯೇ ಒಂದು ಕಿಣ್ವವು ಫಾರ್ಮೈಲ್ ಮುದ್ರೆಯನ್ನು ಕಳಚುತ್ತದೆ. ಆಮೇಲೆ ಇನ್ನೊಂದು ಕಿಣ್ವವು ಮೆಥಿಯೋನಿನ್ನನ್ನೂ ತೆಗೆಯಬಹುದು. ಎರಡನೆಯ ಆಮ್ಲವು ಅಲನಿನ್, ಸೆರಿನ್, ಗ್ಲೈಸಿನ್ ಮೊದಲಾದ ಚಿಕ್ಕ ಆಮ್ಲವಾಗಿದ್ದರೆ ತೆಗೆಯುತ್ತದೆ, ದೊಡ್ಡದಾಗಿದ್ದರೆ ಬಿಡುತ್ತದೆ. ಆದುದರಿಂದ ಎಲ್ಲ ಪ್ರೋಟೀನುಗಳೂ ಮೆಥಿಯೋನಿನ್ನಿನಿಂದ ಆರಂಭವಾದರೂ ಕೊನೆಗೆ ಬಹಳಷ್ಟರಲ್ಲಿ ಅದು ಕಾಣುವುದಿಲ್ಲ.

ಮುದ್ರೆ ಕಳಚದೆ ಉಳಿದ ತುಣುಕುಗಳು ಬ್ಯಾಕ್ಟೀರಿಯಾದಿಂದ ಸೋರುವುದುಂಟು. ನಮ್ಮ ಜೀವಕೋಶಗಳು ತಮ್ಮ ಮಾಮೂಲು ಪ್ರೋಟೀನುಗಳಿಗೆ ಫಾರ್ಮೈಲನ್ನು ಹಾಗೆ ಹಚ್ಚುವುದಿಲ್ಲವಾದ್ದರಿಂದ, ಅದು ಕಂಡಿತೆಂದರೆ ಪರಕೀಯರು ಬಂದರೆಂದು ನಮ್ಮ ಬಿಳಿಯ ರಕ್ತಕಣಗಳಿಗೆ ಅರ್ಥ. ಫಾರ್ಮೈಲ್ ಮೆಥಿಯೋನಿನ್ ಇರುವ ತುಣುಕುಗಳ ಕಡೆಗೆ ಬಿಳಿಯ ಕಣಗಳು ಹರಿದುಹೋಗುತ್ತವೆಂದು 1975ರಲ್ಲಿ ತಿಳಿದುಬಂತು. ಗಾಯ ಕೀವಾಗುವಾಗ ಅಲ್ಲಿ ಬಿಳಿಯ ಕಣಗಳು ಸೇರುವುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಒಂದು ವಿಚಿತ್ರವಾದ ಅಪವಾದವಿದೆ. ನಮ್ಮ ಜೀವಕೋಶದೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳು ಬಹು ಪುರಾತನ ಕಾಲದಲ್ಲಿ ಒಳಸೇರಿದ ಬ್ಯಾಕ್ಟೀರಿಯಾದ ವಂಶದವು. ಅವುಗಳಿಗೆ ಸ್ವಂತ ರೈಬೋಸೋಮುಗಳಿದ್ದು, ಅವು ಇಂದಿಗೂ ಫಾರ್ಮೈಲ್ ಮೆಥಿಯೋನಿನ್ನಿನಿಂದಲೇ ಆರಂಭಿಸುತ್ತವೆ. ಯಂತ್ರಕ್ಕೋ ವಾಹನಕ್ಕೋ ಸಿಕ್ಕಿ ಮೈಯ ಮಾಂಸ ಬಹಳವಾಗಿ ಜಜ್ಜಿಹೋದಾಗ ಮೈಟೊಕಾಂಡ್ರಿಯಗಳು ಒಡೆದು ಆ ತುಣುಕುಗಳು ರಕ್ತಕ್ಕೆ ಸೇರುತ್ತವೆ. ಬಿಳಿಯ ಕಣಗಳು ಅದನ್ನು ಬ್ಯಾಕ್ಟೀರಿಯಾವೆಂದೇ ಭ್ರಮಿಸಿ ಮೈಯೆಲ್ಲ ಉರಿಯೂತ ಎಬ್ಬಿಸುತ್ತವೆ. ಸೋಂಕೇ ಇಲ್ಲದೆ ಸೋಂಕಿನಂತಹ ಸ್ಥಿತಿ ಉಂಟಾಗುವುದನ್ನು 2010ರಲ್ಲಿ ಪ್ರಕಟವಾದ ಸಂಶೋಧನೆಯು ಹೀಗೆ ವಿವರಿಸಿತು.

7. ನಮ್ಮ ಜೀವಕೋಶದ ಪದ್ಧತಿ

ಮನುಷ್ಯ, ಪ್ರಾಣಿ, ಸಸ್ಯ, ಯೀಸ್ಟ್ ಮೊದಲಾದ ಕೋಶಕೇಂದ್ರವುಳ್ಳ ಜೀವಿಗಳಲ್ಲಿ ರೈಬೋಸೋಮಿನ ಕಿರಿಯ ಭಾಗ 40 ಎಸ್, ಹಿರಿಯ ಭಾಗ 60 ಎಸ್. ಕಿರಿಯ ಭಾಗದ ಆರ್.ಎನ್.ಎ. ಎಳೆಗೆ 18 ಎಸ್ ಎಂದು ಹೆಸರು. ಅದರ ಬಾಲವನ್ನು ಬ್ಯಾಕ್ಟೀರಿಯಾದ ಬಾಲದ ಕೆಳಗೆ ಬರೆಯುತ್ತೇವೆ:

ಬ್ಯಾಕ್ಟೀರಿಯಾ: ಜಿ ಜಿ ಎ ಯು ಸಿ ಎ – ಸಿ ಸಿ ಯು ಸಿ ಸಿ – ಯು ಯು ಎ
ಮನುಷ್ಯ: ಜಿ ಜಿ ಎ ಯು ಸಿ ಎ – ಯು ಯು ಎ

ಮಿಕ್ಕದ್ದೆಲ್ಲ ಒಂದೇ. ಓಲೆಯ ಗುರುತನ್ನು ಹಿಡಿಯುವ ಸಿಸಿಯುಸಿಸಿ ಎಂಬ ಐದು ಅಕ್ಷರಗಳು ಮಾತ್ರ ನಮ್ಮಲ್ಲಿಲ್ಲ. ಕೊಕ್ಕೆಯೇ ಇಲ್ಲದ ಮೇಲೆ ಓಲೆಯ ನಡುವೆ ಎಲ್ಲೆಂದರಲ್ಲಿ ಹಿಡಿಯುವ ಬಗೆ ಇಲ್ಲ. ಆದುದರಿಂದ ನಮ್ಮ ಕಿರಿಯ ಭಾಗವು ಬೇರೆ ದಾರಿ ಹಿಡಿಯುತ್ತದೆ.

ನಮ್ಮ ಓಲೆಗಳ ಮೊದಲ ತುದಿಯಲ್ಲಿ ತಿರುಗಿಸಿ ಕೂಡಿಸಿದ ಒಂದು ವಿಶೇಷ ಜಿ ಅಕ್ಷರವಿರುತ್ತದೆ. ಇದಕ್ಕೆ ಟೋಪಿ ಎಂದು ಹೆಸರು. ಕಿರಿಯ ಭಾಗವು ಆರಂಭದ ಹಮಾಲನನ್ನು ಮೊದಲೇ ಹೊತ್ತುಕೊಂಡು, ಹತ್ತಕ್ಕೂ ಹೆಚ್ಚು ಸಹಾಯಕ ಪ್ರೋಟೀನುಗಳೊಡನೆ ಈ ಟೋಪಿಯ ಬಳಿ ಓಲೆಯನ್ನು ಏರುತ್ತದೆ. ಈ ಹಮಾಲನ ಮೆಥಿಯೋನಿನ್ನಿಗೆ ಫಾರ್ಮೈಲ್ ಮುದ್ರೆ ಇಲ್ಲ. ಆಮೇಲೆ ಅದು ಓಲೆಯ ಗಂಟುಗಳನ್ನು ಬಿಡಿಸುತ್ತ, ಎಂದರೆ ಎ.ಟಿ.ಪಿ. ಎಂಬ ಶಕ್ತಿಯನ್ನು ಖರ್ಚು ಮಾಡುತ್ತ, ಒಂದೊಂದೇ ಅಕ್ಷರವನ್ನು ತಡವಿಕೊಂಡು ಮುಂದೆ ನಡೆಯುತ್ತದೆ. ಸಿಕ್ಕಿದ ಮೊದಲ ಎಯುಜಿಯಲ್ಲಿ ನಿಲ್ಲುತ್ತದೆ. ಅಲ್ಲಿಗೆ ಹಿರಿಯ ಭಾಗ ಬಂದು ಕೂಡುತ್ತದೆ.

1978ರಲ್ಲಿ ಈ ನಡಿಗೆಯ ಸಿದ್ಧಾಂತವನ್ನು ಮಂಡಿಸಿದವರು ಮಾರಿಲಿನ್ ಕೋಜಕ್. ಎಯುಜಿಯ ಅಕ್ಕಪಕ್ಕದ ಅಕ್ಷರಗಳೂ ಮುಖ್ಯವೆಂದು ಅವರು ಆಮೇಲೆ ತೋರಿಸಿದರು. ಮೂರು ಅಕ್ಷರ ಹಿಂದೆ ಎ ಅಥವಾ ಜಿ, ಎಯುಜಿ ಮುಗಿದ ಕೂಡಲೆ ಜಿ ಇದ್ದರೆ ಆ ಎಯುಜಿ ಬಲವಾದದ್ದು. ಇಲ್ಲದಿದ್ದರೆ ಕಿರಿಯ ಭಾಗವು ಕೆಲವು ಸಲ ಅದನ್ನು ದಾಟಿ ಮುಂದಿನ ಎಯುಜಿಗೆ ಹೋಗಿಬಿಡುತ್ತದೆ.

ಈ ಭೇದದಿಂದ ಒಂದು ಪರಿಣಾಮ ಉಂಟಾಗಿದೆ. ಬ್ಯಾಕ್ಟೀರಿಯಾದ ಒಂದೇ ಓಲೆಯಲ್ಲಿ ನಾಲ್ಕಾರು ಪ್ರೋಟೀನುಗಳ ಬರಹವಿರಬಹುದು. ಒಂದೊಂದರ ಹಿಂದೆಯೂ ಒಂದೊಂದು ಗುರುತಿದ್ದರೆ ರೈಬೋಸೋಮುಗಳು ನಡುವೆಯೇ ಬಂದು ಹಿಡಿಯುತ್ತವೆ. ನಮ್ಮಲ್ಲಿ ಓಲೆಯ ತುದಿಯಿಂದ ನಡೆದು ಬರಬೇಕಾದ್ದರಿಂದ ಸಾಮಾನ್ಯವಾಗಿ ಒಂದು ಓಲೆಗೆ ಒಂದೇ ಪ್ರೋಟೀನು.

ಎರಡು ಕಡೆಯೂ ನಿಯಮಕ್ಕೆ ಮೀರಿದ ಸಂಗತಿಗಳುಂಟು. ಗುರುತಿಲ್ಲದ ಕೆಲವು ಬ್ಯಾಕ್ಟೀರಿಯಾ ಓಲೆಗಳೂ ಓದಲ್ಪಡುತ್ತವೆ. ಗುರುತು ಇದ್ದರೂ ಓಲೆ ಮಡಿಸಿಕೊಂಡು ಅದು ಒಳಗೆ ಅಡಗಿದ್ದರೆ ಓದು ನಡೆಯುವುದಿಲ್ಲ. ಪೋಲಿಯೋ ವೈರಸ್ಸಿನ ಓಲೆಯು ಟೋಪಿ ಇಲ್ಲದೆಯೇ ನಮ್ಮ ರೈಬೋಸೋಮನ್ನು ನಡುವೆ ಸೆಳೆದುಕೊಳ್ಳುತ್ತದೆ.

8. ಇನ್ಸುಲಿನ್ ತಯಾರಾದ ಬಗೆ

ಈಗ ಇನ್ಸುಲಿನ್ನಿನ ವಿಚಾರ ಸುಲಭವಾಗಿ ತಿಳಿಯುತ್ತದೆ. ಮನುಷ್ಯನ ಬರಹದಲ್ಲಿ ಎಯುಜಿಯ ಹಿಂದೆ ಶೈನ್–ಡಾಲ್ಗಾರ್ನೊ ಗುರುತು ಇರಬೇಕಾದ ಕಾರಣವೇ ಇಲ್ಲ. 1978ರಲ್ಲಿ ಮಾಡಿದ್ದೇನೆಂದರೆ, ಬ್ಯಾಕ್ಟೀರಿಯಾದ ಬೀಟಾ ಗ್ಯಾಲಕ್ಟೊಸಿಡೇಸ್ ಎಂಬ ಸ್ವಂತ ಪ್ರೋಟೀನಿನ ಬರಹವನ್ನು ಅದರ ಗುರುತಿನೊಡನೆ ಹಾಗೆಯೇ ಇಟ್ಟುಕೊಂಡು, ಅದರ ಬಾಲಕ್ಕೆ ಇನ್ಸುಲಿನ್ನಿನ ಬರಹವನ್ನು ಸೇರಿಸಿದರು. ಇನ್ಸುಲಿನ್ನಿಗೆ ಇಪ್ಪತ್ತೊಂದು ಮತ್ತು ಮೂವತ್ತು ಆಮ್ಲಗಳ ಎರಡು ಸರಗಳಿವೆ. ಅವನ್ನು ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಹೀಗೆ ಸೇರಿಸಿದರು. ರೈಬೋಸೋಮು ತನಗೆ ಪರಿಚಿತವಾದ ಜಾಗದಲ್ಲಿ ಆರಂಭಿಸಿ ಓದುತ್ತ ಓದುತ್ತ ಇನ್ಸುಲಿನ್ನಿನ ಸರವನ್ನೂ ಕಟ್ಟಿಬಿಟ್ಟಿತು. ಎರಡರ ಸಂದಿನಲ್ಲಿ ಮೊದಲೇ ಒಂದು ಮೆಥಿಯೋನಿನ್ ಇಟ್ಟಿದ್ದರು. ಮೆಥಿಯೋನಿನ್ ಇರುವಲ್ಲಿ ಮಾತ್ರ ಕತ್ತರಿಸುವ ಸಯನೊಜನ್ ಬ್ರೋಮೈಡ್ ಎಂಬ ರಾಸಾಯನಿಕವನ್ನು ಹಾಕಿದಾಗ ಸರ ಬೇರ್ಪಟ್ಟಿತು. ಇನ್ಸುಲಿನ್ನಿನ ಒಳಗೆ ಮೆಥಿಯೋನಿನ್ ಇಲ್ಲವಾದ್ದರಿಂದ ಅದು ತುಂಡಾಗದೆ ಉಳಿಯಿತು. ಎರಡು ಸರಗಳನ್ನೂ ಆಮೇಲೆ ಕೂಡಿಸಿದರು. 1982ರಲ್ಲಿ ಅಮೆರಿಕದಲ್ಲಿ ಇದು ಔಷಧವಾಗಿ ಮಾರಾಟಕ್ಕೆ ಒಪ್ಪಿಗೆ ಪಡೆಯಿತು.

ಮನುಷ್ಯನ ಬೆಳವಣಿಗೆಯ ಹಾರ್ಮೋನಿಗೆ 1979ರಲ್ಲಿ ಇನ್ನೊಂದು ಉಪಾಯ ಹೂಡಿದರು: ಬ್ಯಾಕ್ಟೀರಿಯಾದ ಗುರುತನ್ನು ಮುಂದಿಟ್ಟು, ಎಯುಜಿಯಿಂದ ನೇರವಾಗಿ ಹಾರ್ಮೋನನ್ನೇ ಆರಂಭಿಸಿದರು. ಆ ಹಾರ್ಮೋನಿನ ಮೊದಲ ಆಮ್ಲ ಫಿನೈಲ್ ಅಲನಿನ್, ಅದು ದೊಡ್ಡದು. ಆದುದರಿಂದ ಮುದ್ರೆ ಕಳಚಿದರೂ ಮೆಥಿಯೋನಿನ್ ಉಳಿದುಕೊಂಡಿತು. 191 ಆಮ್ಲಗಳಿರಬೇಕಾದಲ್ಲಿ 192 ಇದ್ದವು. 1985ರಲ್ಲಿ ಮಾರಾಟಕ್ಕೆ ಬಂದ ಆ ಔಷಧದಲ್ಲಿ ಹೆಚ್ಚಿನ ಈ ಒಂದು ಆಮ್ಲವು ಹಾಗೆಯೇ ಇತ್ತು. ಅದನ್ನು ಎಣಿಸಿದವರಿಗೆ, ಇದರ ಓದು ಬ್ಯಾಕ್ಟೀರಿಯಾದಲ್ಲಿ ಎಲ್ಲಿಂದ ಆರಂಭವಾಯಿತೆಂಬುದು ತಿಳಿಯುತ್ತಿತ್ತು.

ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಮಾರಾಟಕ್ಕೆ ತಂದ ಇನ್ಸುಲಿನ್ ಪಿಚಿಯಾ ಎಂಬ ಯೀಸ್ಟಿನಲ್ಲಿ ತಯಾರಾದದ್ದು. ಯೀಸ್ಟು ನಮ್ಮ ಕಡೆಯ ಪದ್ಧತಿಯದು. ಅಲ್ಲಿ ಶೈನ್–ಡಾಲ್ಗಾರ್ನೊ ಗುರುತಿಗೆ ಕೆಲಸವಿಲ್ಲ, ಟೋಪಿಯಿಂದ ನಡೆದು ಬರುವ ಓದೇ ನಡೆಯುತ್ತದೆ.

ಅಭ್ಯಾಸಕ್ಕೆ ಒಂದು ಲೆಕ್ಕ

ಪಾಠ ತಿಳಿಯಿತೇ ಎಂದು ನೋಡಿಕೊಳ್ಳಲು ಈ ಸಾಲನ್ನು ತೆಗೆದುಕೊಳ್ಳಿರಿ. ಇದರ ಹಿಂದೆ ಎಯುಜಿ ಇಲ್ಲದ ಐವತ್ತು ಅಕ್ಷರಗಳಿವೆ ಎಂದಿಟ್ಟುಕೊಳ್ಳೋಣ.

ಜಿ ಸಿ ಸಿ ಎ ಸಿ ಸಿ ಎ ಯು ಜಿ ಜಿ ಸಿ ಯು ಎ ಎ ಜಿ ಜಿ ಎ ಜಿ ಜಿ ಯು ಯು ಎ ಸಿ ಎ ಯು ಎ ಯು ಜಿ ಜಿ ಸಿ ಯು ಯು ಸಿ ಯು

ಬ್ಯಾಕ್ಟೀರಿಯಾ ಎಲ್ಲಿಂದ ಓದುತ್ತದೆ? ಮನುಷ್ಯನ ಜೀವಕೋಶದಲ್ಲಿ ಟೋಪಿ ಹಾಕಿ ಕೊಟ್ಟರೆ ಅದು ಎಲ್ಲಿಂದ ಓದುತ್ತದೆ? ಪೆನ್ಸಿಲು ಹಿಡಿದು ಗುರುತು ಮಾಡಿದ ಮೇಲೆ ಕೆಳಗಿನ ಉತ್ತರವನ್ನು ನೋಡಬಹುದು.

ಉತ್ತರ: ಎಯುಜಿ ಎರಡು ಕಡೆ ಇದೆ. ಎರಡನೆಯದರ ಹಿಂದೆ ಎಎಜಿಜಿಎಜಿಜಿ ಎಂಬ ಗುರುತೂ ಆರು ಅಕ್ಷರಗಳ ಅಂತರವೂ ಇರುವುದರಿಂದ ಬ್ಯಾಕ್ಟೀರಿಯಾವು ಅಲ್ಲಿಂದ ಆರಂಭಿಸಿ ಎಯುಜಿ, ಜಿಸಿಯು, ಯುಸಿಯು ಎಂದು ಓದುತ್ತದೆ. ಮಾಲೆಯು ಮೆಥಿಯೋನಿನ್, ಅಲನಿನ್, ಸೆರಿನ್. ಮನುಷ್ಯನ ರೈಬೋಸೋಮು ತುದಿಯಿಂದ ನಡೆದು ಬಂದು ಮೊದಲನೆಯ ಎಯುಜಿಯಲ್ಲಿಯೇ ನಿಲ್ಲುತ್ತದೆ. ಮೂರು ಅಕ್ಷರ ಹಿಂದೆ ಎ, ಮುಂದೆ ಜಿ ಇರುವುದರಿಂದ ಅದು ಬಲವಾದದ್ದೂ ಹೌದು. ಅಲ್ಲಿಂದ ಎಯುಜಿ, ಜಿಸಿಯು, ಎಎಜಿ, ಜಿಎಜಿ, ಜಿಯುಯು ಎಂದು ಓದಿ ಮೆಥಿಯೋನಿನ್, ಅಲನಿನ್, ಲೈಸಿನ್, ಗ್ಲುಟಾಮಿಕ್ ಆಮ್ಲ, ವ್ಯಾಲಿನ್ ಎಂಬ ಬೇರೆ ಮಾಲೆಯನ್ನು ಕಟ್ಟುತ್ತದೆ. ಬ್ಯಾಕ್ಟೀರಿಯಾಕ್ಕೆ ಹಿಡಿಗುರುತಾಗಿದ್ದ ಜಿಜಿಎಜಿಜಿ ಎಂಬ ಅಕ್ಷರಗಳನ್ನೇ ನಮ್ಮ ರೈಬೋಸೋಮು ಪದಗಳೊಳಗೆ ಸೇರಿಸಿ ಓದಿಬಿಟ್ಟಿತು ಎಂಬುದನ್ನು ಗಮನಿಸಿರಿ.